ಅಂತರ್ಜಲ ವರದಿಯ ಅಂಕಿಅಂಶ ನಿಮ್ಮ ಅಸೈನ್‌ಮೆಂಟ್‌ಗೆ: ನಕಲಾಗದಂತೆ ಬರೆಯುವುದು ಹೇಗೆ?

ಕೋಲಾರ ಜಿಲ್ಲೆಯ ಕಾಲೇಜುಗಳಲ್ಲಿ ಪರಿಸರ ಅಧ್ಯಯನದ ಅಸೈನ್‌ಮೆಂಟ್ ಕೊಟ್ಟರೆ ಬಹಳಷ್ಟು ಮಂದಿ ಆರಿಸಿಕೊಳ್ಳುವುದು ಅಂತರ್ಜಲವನ್ನೇ. ತೋಟದ ಬೋರ್‌ವೆಲ್ ಬತ್ತಿದ್ದನ್ನು ಕಣ್ಣಾರೆ ಕಂಡವರಿಗೆ ಬೇರೆ ವಿಷಯ ಹುಡುಕುವ ಕಷ್ಟವಿಲ್ಲ. ತೊಂದರೆ ಶುರುವಾಗುವುದು ಎರಡನೇ ಪುಟದಲ್ಲಿ. ಮೊದಲ ಪುಟದಲ್ಲಿ ವಿದ್ಯಾರ್ಥಿಯದೇ ಸರಳ ಮಾತು. ಪುಟ ತಿರುಗಿಸಿದರೆ ‘ಮೌಲ್ಯಮಾಪನ ಘಟಕಗಳನ್ನು ವರ್ಗೀಕರಿಸಲಾಗಿರುತ್ತದೆ’ ಎಂಬ ಕಚೇರಿ ಕನ್ನಡ. ಇದನ್ನು ಹಿಡಿಯಲು ಮೇಷ್ಟ್ರಿಗೆ ಸಾಫ್ಟ್‌ವೇರ್ ಬೇಕಿಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಿಬಿಡೋಣ. ‘ವರದಿ ಇಂಗ್ಲಿಷಿನಲ್ಲಿದೆ, ನಾನು ಕನ್ನಡಕ್ಕೆ ತಂದಿದ್ದೇನೆ, ಅಂದಮೇಲೆ ಅದು ನನ್ನ ಬರಹ’ ಎಂದು ಎಷ್ಟೋ ಜನ ನಂಬಿದ್ದಾರೆ. ಭಾಷೆ ಬದಲಾದರೂ ವಾಕ್ಯಗಳ ಸಾಲು, ವಾದದ ಕ್ರಮ, ಹುಡುಕಿದ ಶ್ರಮ ಮೂಲದವರದ್ದೇ. ಆಧಾರ ಹೇಳದ ಅನುವಾದವೂ ಕೃತಿಚೌರ್ಯವೇ.

ಮೊದಲು ಮೂಲ ವರದಿಗೆ ಹೋಗಿ

ಪತ್ರಿಕೆಯ ಸುದ್ದಿಯಲ್ಲಿ ‘ಕೇಂದ್ರೀಯ ಅಂತರ್ಜಲ ಮಂಡಳಿಯ ಪ್ರಕಾರ’ ಎಂದಿರುತ್ತದೆ. ಅದನ್ನು ಓದಿ, ಮಂಡಳಿಯ ವರದಿಯನ್ನೇ ಓದಿದಂತೆ ಉಲ್ಲೇಖ ಬರೆಯುವುದು ಸಾಮಾನ್ಯ ಅಭ್ಯಾಸ. ಅದು ಸರಿಯಲ್ಲ. ನೀವು ಕಂಡಿದ್ದು ಸುದ್ದಿಯನ್ನಾದರೆ ಸುದ್ದಿಯನ್ನೇ ಹೆಸರಿಸಬೇಕು. ಆದರೆ ಈ ವಿಷಯದಲ್ಲಿ ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ಮಂಡಳಿಯ ರಾಷ್ಟ್ರಮಟ್ಟದ ವರದಿ ಉಚಿತವಾಗಿ ಸಿಗುತ್ತದೆ. ಐಐಟಿ ಹೈದರಾಬಾದ್ ಜೊತೆ ಸೇರಿ ಮಂಡಳಿ ರೂಪಿಸಿರುವ IN-GRES ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕುಗಳ ಲೆಕ್ಕವನ್ನೂ ನೋಡಬಹುದು. ಜಾಲತಾಣದಿಂದ ಅಂಕಿ ತೆಗೆದುಕೊಂಡರೆ ಯಾವ ವರ್ಷದ ಮೌಲ್ಯಮಾಪನ, ನೀವು ನೋಡಿದ ದಿನ ಯಾವುದು ಎರಡನ್ನೂ ಆಗಲೇ ಬರೆದಿಟ್ಟುಕೊಳ್ಳಿ. ಸಲ್ಲಿಸುವ ಹಿಂದಿನ ರಾತ್ರಿ ಹುಡುಕಹೋದರೆ ಸಿಗುವುದಿಲ್ಲ.

ಟಿಪ್ಪಣಿಯಲ್ಲಿ ವಾಕ್ಯ ಬೇಡ, ನಾಲ್ಕು ಉತ್ತರ ಸಾಕು

ವರದಿಯ ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ಆಮೇಲೆ ಅದು ನಿಮ್ಮದೋ ಅವರದೋ ಎಂದು ನಿಮಗೇ ತಿಳಿಯದು. ಅದರ ಬದಲು ಪ್ರತಿ ಅಂಕಿಯ ಪಕ್ಕ ನಾಲ್ಕೇ ವಿಷಯ ಬರೆಯಿರಿ: ಲೆಕ್ಕ ಹಾಕಿದವರು ಯಾರು, ಅದು ಏನನ್ನು ಕುರಿತದ್ದು, ಯಾವ ವರ್ಷದ್ದು, ಯಾವುದರ ಎದುರು ಅಳೆದದ್ದು. ನಾಲ್ಕನೆಯದನ್ನೇ ಹೆಚ್ಚಿನವರು ಬಿಡುತ್ತಾರೆ, ಅರ್ಥ ಕೆಡುವುದೂ ಅಲ್ಲೇ.

ನಿಜವಾದ ಅಂಕಿಯನ್ನೇ ನೋಡಿ. ಮಂಡಳಿಯ 2023ರ ರಾಷ್ಟ್ರೀಯ ವರದಿಯ ಪ್ರಕಾರ ದೇಶದಲ್ಲಿ ವರ್ಷಕ್ಕೆ ಮರುಪೂರಣವಾಗುವ ಅಂತರ್ಜಲ 449.08 ಶತಕೋಟಿ ಘನ ಮೀಟರ್. ಅದರಲ್ಲಿ ಸಹಜವಾಗಿ ಹೊಳೆ, ಹಳ್ಳಗಳಿಗೆ ಹರಿದುಹೋಗುವ ಪಾಲನ್ನು ಬಿಟ್ಟು ತೆಗೆಯಬಹುದಾದದ್ದು 407.21. ನಾವು ತೆಗೆಯುತ್ತಿರುವುದು 241.34. ಬಳಕೆಯ ಹಂತ ಶೇ 59.26. ಈ ಶೇಕಡಾವಾರು ಬಂದಿರುವುದು 241.34ನ್ನು 407.21ರಿಂದ ಭಾಗಿಸಿ. ವಿದ್ಯಾರ್ಥಿಯೊಬ್ಬರು ‘ದೇಶದ ಒಟ್ಟು ಮರುಪೂರಣದಲ್ಲಿ ಶೇ 59ರಷ್ಟನ್ನು ಬಳಸುತ್ತಿದ್ದೇವೆ’ ಎಂದು ಬರೆದರೆ ಓದಲು ಚೆನ್ನಾಗಿಯೇ ಇದೆ, ಆದರೆ ತಪ್ಪು. ಒಟ್ಟು ಮರುಪೂರಣದ ಎದುರು ಲೆಕ್ಕ ಹಾಕಿದರೆ ಸುಮಾರು ಶೇ 54 ಆಗುತ್ತದೆ. ಕೆಳಗೆ ಮಂಡಳಿಯ ಹೆಸರು ಹಾಕಿದ್ದರೆ ಇನ್ನೂ ಕೆಟ್ಟದ್ದು: ಮಂಡಳಿ ಹೇಳದ ಮಾತನ್ನು ಅದರ ಬಾಯಲ್ಲಿ ಹೇಳಿಸಿದಂತಾಯಿತು.

ಒಂದು ವಾಕ್ಯ, ಮೂರು ರೂಪ

ಈಗ ತಾಲ್ಲೂಕಿನ ಮಟ್ಟಕ್ಕೆ ಬರೋಣ. ಇಲ್ಲಿಯ ಅಂಕಿಗಳು ಲೆಕ್ಕಕ್ಕೆ ಸುಲಭವಾಗಲೆಂದು ನಾನು ಊಹಿಸಿಕೊಂಡವು. ನಿಮ್ಮ ತಾಲ್ಲೂಕಿನದ್ದನ್ನು ವರದಿಯಿಂದ ತೆಗೆದುಕೊಳ್ಳಿ. ವರದಿಯೊಂದರಲ್ಲಿ ಹೀಗೆ ಇದೆ ಎಂದಿಟ್ಟುಕೊಳ್ಳೋಣ: ‘ತಾಲ್ಲೂಕಿನ ವಾರ್ಷಿಕ ಬಳಕೆಯೋಗ್ಯ ಅಂತರ್ಜಲ ಸಂಪನ್ಮೂಲವು 5,000 ಹೆಕ್ಟೇರ್ ಮೀಟರ್ ಆಗಿದ್ದು, ಎಲ್ಲ ಉದ್ದೇಶಗಳಿಗೆ ಹೊರತೆಗೆಯಲಾಗುತ್ತಿರುವ ಪ್ರಮಾಣವು 9,000 ಹೆಕ್ಟೇರ್ ಮೀಟರ್ ಆಗಿರುತ್ತದೆ. ಬಳಕೆಯ ಹಂತವು ಶೇ 180 ಇರುವುದರಿಂದ ತಾಲ್ಲೂಕನ್ನು ಅತಿಬಳಕೆ ವರ್ಗದಲ್ಲಿ ಸೇರಿಸಲಾಗಿದೆ.’

ಮೊದಲ ವಿದ್ಯಾರ್ಥಿ ಬರೆದದ್ದು: ‘ತಾಲ್ಲೂಕಿನ ವರ್ಷದ ಉಪಯೋಗಯೋಗ್ಯ ಭೂಜಲ ಸಂಪತ್ತು 5,000 ಹೆಕ್ಟೇರ್ ಮೀಟರ್ ಇದ್ದು, ಸಕಲ ಉದ್ದೇಶಗಳಿಗೆ ಹೊರತೆಗೆಯುವ ಪ್ರಮಾಣ 9,000 ಹೆಕ್ಟೇರ್ ಮೀಟರ್ ಇದೆ. ಉಪಯೋಗದ ಹಂತ ಶೇ 180 ಇರುವ ಕಾರಣ ತಾಲ್ಲೂಕನ್ನು ಅತಿಶೋಷಣೆ ಗುಂಪಿಗೆ ಸೇರಿಸಿದ್ದಾರೆ.’ ಪದದ ಜಾಗಕ್ಕೆ ಪದ ಕೂರಿಸಿದ್ದಾರೆ, ಅಷ್ಟೇ. ಆಧಾರ ಕೊಟ್ಟರೂ ಇದು ನಕಲೇ, ಏಕೆಂದರೆ ವಾಕ್ಯದ ಮೈಕಟ್ಟು ಹಾಗೇ ಇದೆ. ಸಾಲದ್ದಕ್ಕೆ ಬದಲಾಯಿಸಬಾರದ ಪದವನ್ನೇ ಬದಲಾಯಿಸಿದ್ದಾರೆ. ಮಂಡಳಿಯ ಲೆಕ್ಕದಲ್ಲಿ ಶೇ 70ರವರೆಗೆ ಸುರಕ್ಷಿತ, 70ರಿಂದ 90 ಅರೆ ಗಂಭೀರ, 90ರಿಂದ 100 ಗಂಭೀರ, 100 ದಾಟಿದರೆ ಅತಿಬಳಕೆ. ಇವು ವರ್ಗಗಳ ಹೆಸರುಗಳು, ವರ್ಣನೆಗಳಲ್ಲ. ನಿಮ್ಮ ಬರಹದಲ್ಲಿ ಮೊದಲಿಂದ ಕೊನೆಯವರೆಗೂ ಒಂದೇ ಹೆಸರು ಇರಲಿ. ವರ್ಗದ ಹೆಸರು, ಅಳತೆಯ ಮಾನ, ಕಾಯಿದೆಯ ಹೆಸರು ಹಾಗೇ ಬಂದರೆ ಯಾರೂ ನಕಲು ಎನ್ನುವುದಿಲ್ಲ.

ಎರಡನೆಯವರು ಧೈರ್ಯವಾಗಿ ಬರೆದರು: ‘ತಾಲ್ಲೂಕಿನ ಅಂತರ್ಜಲದಲ್ಲಿ ಶೇ 180ರಷ್ಟು ಖಾಲಿಯಾಗಿದೆ.’ ಇಲ್ಲಿ ನಕಲಿಲ್ಲ, ಆದರೆ ಅರ್ಥವೂ ಉಳಿದಿಲ್ಲ. ಇದ್ದದ್ದು ನೂರೇ ಆದರೆ ನೂರ ಎಂಬತ್ತು ಖಾಲಿಯಾಗುವುದು ಹೇಗೆ? ಮೂಲದಿಂದ ದೂರ ಓಡುವ ಭರದಲ್ಲಿ ‘ಯಾವುದರ ಎದುರು’ ಎಂಬ ನಾಲ್ಕನೇ ಉತ್ತರ ಕೈಬಿಟ್ಟುಹೋಯಿತು.

ಮೂರನೆಯವರು ಟಿಪ್ಪಣಿಯನ್ನಷ್ಟೇ ಮುಂದಿಟ್ಟುಕೊಂಡು, ವರದಿ ಮುಚ್ಚಿ ಬರೆದರು: ‘ಕೇಂದ್ರೀಯ ಅಂತರ್ಜಲ ಮಂಡಳಿಯ (2023) ಲೆಕ್ಕದಂತೆ, ಈ ತಾಲ್ಲೂಕಿನಲ್ಲಿ ವರ್ಷಕ್ಕೆ ನೂರು ಕೊಡ ನೀರು ತೆಗೆಯಲು ಅವಕಾಶವಿದ್ದರೆ ಬೋರ್‌ವೆಲ್‌ಗಳು ನೂರ ಎಂಬತ್ತು ಕೊಡ ಎತ್ತುತ್ತಿವೆ. ಅಂದರೆ ಬಳಕೆಯ ಹಂತ ಶೇ 180. ಮಂಡಳಿ ಇದನ್ನು ಅತಿಬಳಕೆ ವರ್ಗದಲ್ಲಿ ಇರಿಸಿದೆ. ಹೆಚ್ಚುವರಿ ನೀರು ಬರುತ್ತಿರುವುದು ಹಿಂದೆಂದೋ ಇಂಗಿ ಆಳದಲ್ಲಿ ಉಳಿದಿದ್ದ ಸಂಗ್ರಹದಿಂದ. ಮಂಡಳಿಯ ಅಂಕಿಯನ್ನು ಆಧರಿಸಿ ನಾನು ಹಾಕಿದ ಲೆಕ್ಕದಲ್ಲಿ ಈ ಹೆಚ್ಚುವರಿ 4,000 ಹೆಕ್ಟೇರ್ ಮೀಟರ್, ಅಂದರೆ ವರ್ಷಕ್ಕೆ 4,000 ಕೋಟಿ ಲೀಟರ್.’

ಕೊನೆಯ ವಾಕ್ಯವನ್ನು ಗಮನಿಸಿ. 4,000 ಎಂಬುದು ವರದಿಯಲ್ಲಿಲ್ಲ. 9,000ದಲ್ಲಿ 5,000 ಕಳೆದು ಬಂದದ್ದು. ಒಂದು ಹೆಕ್ಟೇರ್ ಮೀಟರ್ ಎಂದರೆ ಹತ್ತು ಸಾವಿರ ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್. ‘ನಾನು ಹಾಕಿದ ಲೆಕ್ಕ’ ಎಂದು ಹೇಳಿದ್ದರಿಂದ ಮಂಡಳಿಯ ಮಾತು ಎಲ್ಲಿ ಮುಗಿಯಿತು, ವಿದ್ಯಾರ್ಥಿಯದು ಎಲ್ಲಿ ಶುರುವಾಯಿತು ಎಂಬುದು ಸ್ಪಷ್ಟ. ಪ್ಯಾರಾದ ತುದಿಯಲ್ಲಿ ಒಂದೇ ಒಂದು ಆವರಣ ಹಾಕಿ ಮುಗಿಸುವುದಕ್ಕಿಂತ ಮೊದಲ ವಾಕ್ಯದಲ್ಲೇ ‘ಮಂಡಳಿಯ ಲೆಕ್ಕದಂತೆ’ ಎಂದು ಶುರು ಮಾಡುವುದು ಇದಕ್ಕೇ.

ಬರೆದಾದ ಮೇಲೆ ವರದಿಯನ್ನು ಮತ್ತೆ ತೆರೆದು ಪಕ್ಕದಲ್ಲಿಟ್ಟು ನೋಡಿ. ಅಂಕಿ, ವರ್ಗದ ಹೆಸರು ಬಿಟ್ಟು ಬೇರೆ ಪದಗಳು ಸಾಲಾಗಿ ಅದೇ ಕ್ರಮದಲ್ಲಿ ಬಂದಿದ್ದರೆ ಆ ವಾಕ್ಯವನ್ನು ಒಡೆದು ಮತ್ತೆ ಬರೆಯಿರಿ. ಮೂಲದ ಮಾತೇ ಬೇಕೆನಿಸಿದರೆ ಉದ್ಧರಣ ಚಿಹ್ನೆಯೊಳಗೆ ಇಟ್ಟು ಪುಟ ಸಂಖ್ಯೆ ಕೊಡಿ.

ಷರತ್ತು ಕಳೆದುಹೋಗದಿರಲಿ

ನಮ್ಮ ಜಿಲ್ಲೆಯ ಮತ್ತೊಂದು ಖಾಯಂ ವಿಷಯ ಫ್ಲೋರೈಡ್. ‘ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿ ಲೀಟರಿಗೆ 1.5 ಮಿಲಿಗ್ರಾಂ’ ಎಂದು ಬರೆಯುವವರೇ ಹೆಚ್ಚು. ಭಾರತೀಯ ಮಾನಕ ಐಎಸ್ 10500:2012ರಲ್ಲಿ ಒಪ್ಪಬಹುದಾದ ಮಿತಿ 1.0, ಬೇರೆ ನೀರಿನ ಮೂಲ ಇಲ್ಲದಿದ್ದಾಗ ಮಾತ್ರ 1.5ರವರೆಗೆ ಸಹಿಸಬಹುದು. ಷರತ್ತನ್ನು ಬಿಟ್ಟರೆ 1.3 ಇರುವ ಬಾವಿಯ ನೀರು ನಿಮ್ಮ ಅಸೈನ್‌ಮೆಂಟಿನಲ್ಲಿ ಯಾವ ಪ್ರಶ್ನೆಯೂ ಇಲ್ಲದೆ ಪಾಸಾಗಿಬಿಡುತ್ತದೆ.

ಎರಡು ವರ್ಷಗಳನ್ನು ಹೋಲಿಸುವಾಗ

ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಹರಿಯಲು ಶುರುವಾದದ್ದು 2018ರಲ್ಲಿ. ಹಾಗಾಗಿ 2013ರ ವರದಿಯ ಅಂಕಿ, 2023ರ ವರದಿಯ ಅಂಕಿ ಎರಡನ್ನೂ ಅಕ್ಕಪಕ್ಕ ಇಟ್ಟು ‘ಯೋಜನೆಯಿಂದ ಇಷ್ಟು ಬದಲಾವಣೆ’ ಎಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಎರಡಕ್ಕೂ ಆಧಾರ ಕೊಟ್ಟಿದ್ದೀರಿ, ಪದಗಳೂ ನಿಮ್ಮವೇ, ಆದರೂ ಎಡವುತ್ತೀರಿ. 2017ರ ಮೌಲ್ಯಮಾಪನದಿಂದ ಲೆಕ್ಕ ಹಾಕುವ ವಿಧಾನವೇ ಬದಲಾಗಿದೆ: ಅಲ್ಲಿಯವರೆಗೆ ಅಂತರ್ಜಲ ಅಂದಾಜು ಸಮಿತಿಯ 1997ರ ವಿಧಾನ, ಆಮೇಲೆ 2015ರ ವಿಧಾನ. ಮಳೆಯೂ ವರ್ಷದಿಂದ ವರ್ಷಕ್ಕೆ ಬೇರೆ. ಹೋಲಿಸಲೇಬೇಕಾದರೆ 2017ರ ನಂತರದ ವರದಿಗಳನ್ನೇ ಹೋಲಿಸಿ, ಮಳೆಯ ಮಾತನ್ನೂ ಸೇರಿಸಿ. ಕಾರಣ ಹೇಳುವುದು ನೀವಾದರೆ ಅದು ನಿಮ್ಮ ಊಹೆ ಎಂದು ಗೊತ್ತಾಗಲಿ. ವರದಿಯ ತಲೆಗೆ ಕಟ್ಟಬೇಡಿ.

ಯಾವುದಕ್ಕೆ ಆಧಾರ ಬೇಡ?

ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ ಎಂಬುದಕ್ಕೆ ಆಧಾರ ಬೇಕಿಲ್ಲ, ಅದು ಎಲ್ಲರಿಗೂ ಗೊತ್ತು. ‘ನಮ್ಮೂರಲ್ಲಿ 1,500 ಅಡಿ ಕೊರೆದರೂ ನೀರಿಲ್ಲ’ ಎಂಬುದಕ್ಕೆ ಬೇಕು. ಪಕ್ಕದ ತೋಟದ ರೈತರು ಹೇಳಿದ್ದಾದರೆ ಸಂಕೋಚ ಬೇಡ: ‘ರೈತರೊಬ್ಬರೊಂದಿಗೆ ಮಾತುಕತೆ’ ಎಂದು ಊರು ಮತ್ತು ದಿನಾಂಕ ಹಾಕಿದರೆ ಅದೂ ಆಧಾರವೇ. ಅವರ ಹೆಸರು ಹಾಕುವುದಾದರೆ ಒಂದು ಮಾತು ಕೇಳಿ.

ನಕ್ಷೆ, ಗ್ರಾಫ್‌ಗಳ ವಿಷಯ ಚಿಕ್ಕದು. ವರದಿಯ ಚಿತ್ರವನ್ನೇ ಅಂಟಿಸಿದರೆ ಕೆಳಗೆ ಮೂಲವನ್ನು ಬರೆಯಿರಿ. ಅಂಕಿ ಅವರದು, ಗ್ರಾಫ್ ನಿಮ್ಮದಾದರೆ ಎರಡನ್ನೂ ಬೇರೆಬೇರೆಯಾಗಿ ಹೇಳಿ.

ಕೊನೆಯ ಪಟ್ಟಿ

ಉಲ್ಲೇಖ ಪಟ್ಟಿಯಲ್ಲಿ ಜಾಲತಾಣದ ಉದ್ದನೆಯ ಕೊಂಡಿಯೊಂದನ್ನೇ ಹಾಕಿ ಬಿಡಬೇಡಿ, ಅದು ನಾಳೆ ತೆರೆಯದೇ ಇರಬಹುದು. ಸಂಸ್ಥೆ, ವರ್ಷ, ವರದಿಯ ಪೂರ್ತಿ ಹೆಸರು, ಪ್ರಕಟಿಸಿದವರು, ಆಮೇಲೆ ಕೊಂಡಿ. ಈ ಕ್ರಮ ಸಾಕು. ನಿಮ್ಮ ವಿಭಾಗ ಬೇರೆ ಶೈಲಿ ಹೇಳಿದ್ದರೆ ಅದನ್ನೇ ಹಿಡಿಯಿರಿ. ಬರಹದೊಳಗೆ ಹೆಸರಿಸಿದ್ದೆಲ್ಲ ಪಟ್ಟಿಯಲ್ಲಿರಬೇಕು, ಪಟ್ಟಿಯಲ್ಲಿರುವುದೆಲ್ಲ ಬರಹದೊಳಗೆ ಬಂದಿರಬೇಕು. ಓದದ ವರದಿಗಳನ್ನು ಸೇರಿಸಿ ಪಟ್ಟಿಯನ್ನು ದಪ್ಪ ಮಾಡಿದರೆ ವೈವಾದಲ್ಲಿ ಮೊದಲು ಕೇಳುವುದು ಅವುಗಳ ಬಗ್ಗೆಯೇ. ಪುಟ ಸಂಖ್ಯೆ ಕೊಡುವಾಗ ಒಂದು ಎಚ್ಚರ: ಪಿಡಿಎಫ್ ತೆರೆದಾಗ ಪರದೆಯ ಮೇಲೆ ಕಾಣುವ ಸಂಖ್ಯೆಗೂ ಪುಟದ ಮೇಲೆ ಮುದ್ರಿಸಿರುವ ಸಂಖ್ಯೆಗೂ ಮುನ್ನುಡಿ, ಪರಿವಿಡಿಗಳಿಂದಾಗಿ ವ್ಯತ್ಯಾಸವಿರುತ್ತದೆ. ಮುದ್ರಿತ ಸಂಖ್ಯೆಯನ್ನೇ ಬರೆಯಿರಿ.