ಗ, ಬ ಮತ್ತು ಒಂದು ಬಳೆ: ಮನೆ ಬೇಕರಿಗೆ ಲೋಗೊ ಮಾಡಿದ ನನ್ನ ಅನುಭವ

ಬೀದರಿನಲ್ಲಿ ನಮ್ಮ ವೈನಿ ಮನೆಯಲ್ಲೇ ಕೇಕು, ನಾನ್‌ಖಟಾಯಿ, ಜೋಳದ ಹಿಟ್ಟಿನ ಬಿಸ್ಕತ್ತು ಮಾಡಿ ಮಾರುತ್ತಾರೆ. ಡಬ್ಬಿಯ ಮೇಲೆ ಅಂಟಿಸಲು ಅವರಿಗೊಂದು ಗುರುತು ಬೇಕಿತ್ತು. ಅವರ ಹೆಸರಿನ ಮೊದಲಕ್ಷರ ಗ, ಕೆಲಸದಲ್ಲಿ ಜೊತೆಗಿರುವ ಅವರ ಅತ್ತೆಯ ಹೆಸರಿನ ಮೊದಲಕ್ಷರ ಬ. ಈ ಎರಡೇ ಅಕ್ಷರ, ಒಂದೇ ಬಣ್ಣ, ಕೇಕಿನ ಚಿತ್ರ ಬೇಡ, ಬಾಣಸಿಗನ ಟೊಪ್ಪಿಗೆ ಬೇಡ ಎಂದು ಮೊದಲೇ ಮಾತಾಡಿಕೊಂಡೆವು. ಇಂಗ್ಲಿಷಿನ ಜಿ, ಬಿ ಇಟ್ಟರೆ ಸುಲಭವಾಗುತ್ತಿತ್ತು. ಆದರೆ ಕೊಳ್ಳುವವರು ಕನ್ನಡ ಓದುವ ಮಂದಿ, ಮತ್ತು ಗ, ಬ ಎರಡೂ ನೋಡಲು ಚೆಂದದ ಅಕ್ಷರಗಳು. ಗ ಎಂದರೆ ಕೆಳಗೆ ತೆರೆದ ಕಮಾನು, ಅದರ ನೆತ್ತಿಗೆ ತಲೆಕಟ್ಟು. ಬ ಎಂದರೆ ಮೇಲೆ ತೆರೆದ ಬಟ್ಟಲು, ತುದಿಗಳು ಒಳಕ್ಕೆ ಬಾಗಿರುತ್ತವೆ, ತಲೆಕಟ್ಟು ಇಲ್ಲ. ಒಂದು ಕೆಳಗೆ ತೆರೆಯುತ್ತದೆ, ಇನ್ನೊಂದು ಮೇಲೆ. ಅಕ್ಕಪಕ್ಕ ಇಟ್ಟರೆ ಒಂದನ್ನೊಂದು ತೂಗಿಸುತ್ತವೆ ಅನ್ನಿಸಿತು.

ಕಂಪ್ಯೂಟರ್ ತೆರೆಯುವ ಮುಂಚೆ ಚೌಕುಳಿ ಹಾಳೆಯ ಮೇಲೆ ದಪ್ಪ ಪೆನ್ನಿನಿಂದ ಬೇರೆಬೇರೆ ಜೋಡಣೆ ಬರೆದು ನೋಡಿದೆ. ಎಲ್ಲರಿಗೂ ಮೊದಲು ಹೊಳೆಯುವುದು ಒಂದರ ಕೆಳಗೆ ಒಂದನ್ನು ಇಡುವ ಜೋಡಣೆ. ಕಮಾನಿನ ಕೆಳಗೆ ಬಟ್ಟಲು ಬಂದರೆ ಮೊಟ್ಟೆಯಂಥ ತುಂಬಿದ ಆಕಾರ ಆಗುತ್ತದೆ, ದುಂಡು ಸ್ಟಿಕ್ಕರಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಕನ್ನಡದಲ್ಲಿ ಅಕ್ಷರದ ಕೆಳಗೆ ಅಕ್ಷರ ಬಂದರೆ ಅದು ಒತ್ತು. ವೈನಿಯ ಹೆಸರು ಗೊತ್ತಿಲ್ಲದ ಕಿರಾಣಿ ಅಂಗಡಿಯವರಿಗೆ ತೋರಿಸಿದೆ. ಅವರು ಒಂದು ಕ್ಷಣ ನೋಡಿ, "ಇದು ಗ್ಬ ಅಂತ ಅದ ಏನ್ರಿ?" ಅಂದರು. ಬ ಒತ್ತು ಬರೆಯುವುದೂ ಸಣ್ಣ ಬ ಥರವೇ, ಹಾಗಾಗಿ ಕೆಳಗಿನ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೂ ಆ ಓದು ಪೂರ್ತಿ ಹೋಗುವುದಿಲ್ಲ. ಬಲಕ್ಕೆ ಓರೆಯಾಗಿ ಕೆಳಗಿಳಿಸಿದರೆ ಇನ್ನೂ ಹೆಚ್ಚು ಒತ್ತಿನ ಹಾಗೆ ಕಾಣುತ್ತದೆ. ಇಂಗ್ಲಿಷ್ ಮಾನೊಗ್ರಾಮ್‌ಗಳಲ್ಲಿ ಅಕ್ಷರಗಳನ್ನು ಮೇಲೆ ಕೆಳಗೆ ಪೇರಿಸುವುದು ಸಾಮಾನ್ಯ, ನಮ್ಮ ಲಿಪಿಗೆ ಆ ದಾರಿ ಒಗ್ಗದು.

ಎರಡನೆಯದು ಗೆರೆ ಹಂಚಿಕೊಳ್ಳುವ ಜೋಡಣೆ. ಗ ಅಕ್ಷರದ ಬಲಗಾಲೇ ಮುಂದುವರಿದು ಬ ಅಕ್ಷರದ ಎಡಬದಿ ಆಗುತ್ತದೆ, ಒಂದೇ ಅಲೆಯಂಥ ಗೆರೆಯಲ್ಲಿ ಎರಡೂ ಮುಗಿಯುತ್ತವೆ. ಬರೆದಾಗ ಕೈಗೆ ಬಹಳ ಹಿತವಾಗಿತ್ತು. ಆದರೆ ಬ ಅಕ್ಷರದ ಎಡತುದಿಯ ಒಳಬಾಗು ಅಲ್ಲಿ ಕರಗಿ ಹೋಗುತ್ತದೆ, ಆ ಬಾಗು ಇಲ್ಲದಿದ್ದರೆ ಅದು ಬ ಅಲ್ಲ, ಬರೀ ಡೊಂಕು. ಎರಡಕ್ಕೂ ಸೇರಿಸಿ ಒಂದೇ ಉದ್ದನೆಯ ತಲೆಕಟ್ಟು ಎಳೆಯುವುದನ್ನೂ ನೋಡಿದೆ. ತಲೆಕಟ್ಟು ಇಲ್ಲದಿರುವುದೇ ಬ ಅಕ್ಷರದ ಗುರುತು. ಮೇಲೆ ಅಡ್ಡಗೆರೆ ಬಂದ ಕೂಡಲೇ ಮನೆಯ ಮಕ್ಕಳು ಅದನ್ನು ಭ ಎಂದು ಓದಿದರು. ಹೀಗೆ ಕೊನೆಗೆ ಉಳಿದದ್ದು ಅಕ್ಕಪಕ್ಕ, ಮುಟ್ಟದ ಹಾಗೆ, ಸಮ ಎತ್ತರದ ಎರಡು ಅಕ್ಷರ. ಸರಳ ಜೋಡಣೆ, ಆದರೆ ಯಾರೂ ತಪ್ಪು ಓದಲಿಲ್ಲ.

ಇಲ್ಲಿ ಒಂದು ತೊಡಕು ಇದೆ. ಕನ್ನಡ ಅಕ್ಷರಗಳು ಅಗಲ. ಫಾಂಟಿನ ಗ, ಬ ಎರಡನ್ನು ಪಕ್ಕಪಕ್ಕ ಇಟ್ಟರೆ ಅಡ್ಡಪಟ್ಟಿಯ ಆಕಾರ ಬರುತ್ತದೆ. ಅದನ್ನು ದುಂಡು ಸ್ಟಿಕ್ಕರಿನಲ್ಲೋ ವಾಟ್ಸಾಪಿನ ದುಂಡು ಫೋಟೊದಲ್ಲೋ ಕೂರಿಸಿದರೆ ಮೇಲೆ ಕೆಳಗೆ ಬಯಲು, ನಡುವೆ ಸಣ್ಣ ಅಕ್ಷರ. ಫಾಂಟನ್ನೇ ಎಡಬಲದಿಂದ ಒತ್ತಿ ಕಿರಿದು ಮಾಡಿದರೆ ನಿಂತ ಗೆರೆಗಳು ತೆಳುವಾಗುತ್ತವೆ, ಅಡ್ಡ ಗೆರೆಗಳು ದಪ್ಪವಾಗೇ ಉಳಿಯುತ್ತವೆ. ಅದಕ್ಕೆ ಅಕ್ಷರಗಳನ್ನು ನಾನೇ ಕಿರಿದಾಗಿ ಬರೆದೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಅಕ್ಷರದ ನಡುಗೆರೆಯನ್ನಷ್ಟೇ ಎಳೆದು, ಅದಕ್ಕೆ ದಪ್ಪ ಕೊಟ್ಟೆ.

ಅಳತೆಗೆ ಒಂದೇ ಆಧಾರ ಇಟ್ಟುಕೊಂಡೆ, ಗೆರೆಯ ದಪ್ಪ 10 ಪಿಕ್ಸೆಲ್. ಒಂದೊಂದು ಅಕ್ಷರದ ಅಗಲ 45, ನಡುವಿನ ಸಂದು 10, ಒಟ್ಟು ಅಗಲ 100. ಗ ಅಕ್ಷರದ ಎತ್ತರ ತಲೆಕಟ್ಟೂ ಸೇರಿ 90, ಅದರಲ್ಲಿ ಕಮಾನು 70. ಹೀಗೆ ಎರಡೂ ಸೇರಿ ಹೆಚ್ಚುಕಡಿಮೆ ಚೌಕವಾದವು. ಸುತ್ತ ಅದೇ 10ರ ದಪ್ಪದ ಬಳೆ, ಹೊರವ್ಯಾಸ 180, ಒಳವ್ಯಾಸ 160.

ಅಳತೆ ಸರಿಯಾದ ಮಾತ್ರಕ್ಕೆ ಕಣ್ಣಿಗೆ ಸರಿ ಕಾಣುವುದಿಲ್ಲ. ತಿದ್ದುಪಡಿಗಳಲ್ಲೇ ನನ್ನ ಹೆಚ್ಚು ಹೊತ್ತು ಹೋದದ್ದು, ಲೋಗೊ ಲಕ್ಷಣವಾಗಿ ಬಂದದ್ದೂ ಅಲ್ಲಿಯೇ. ಬ ಅಕ್ಷರದ ತಳ ದುಂಡು. ಗ ಅಕ್ಷರದ ಕಾಲುಗಳು ನಿಂತ ಗೆರೆಗೇ ಅದನ್ನೂ ನಿಲ್ಲಿಸಿದರೆ ಬ ತುಸು ಮೇಲೆ ತೇಲಿದ ಹಾಗೆ ಕಾಣುತ್ತದೆ, ಏಕೆಂದರೆ ದುಂಡು ತಳ ಗೆರೆಯನ್ನು ಮುಟ್ಟುವುದು ಒಂದೇ ಬಿಂದುವಿನಲ್ಲಿ. ಅದಕ್ಕೆ 2 ಪಿಕ್ಸೆಲ್ ಕೆಳಗಿಳಿಸಿದೆ. ಅಡ್ಡ ಗೆರೆ ನಿಂತ ಗೆರೆಗಿಂತ ದಪ್ಪವಾಗಿ ಕಾಣುವುದು ಕಣ್ಣಿನ ಗುಣ, ಹಾಗಾಗಿ ತಲೆಕಟ್ಟನ್ನು 9ಕ್ಕೆ ಇಳಿಸಿದೆ. ಬ ಅಕ್ಷರದ ಮೇಲೆ ತಲೆಕಟ್ಟು ಇಲ್ಲದ್ದರಿಂದ ಬಲಮೂಲೆ ಖಾಲಿ ಬೀಳುತ್ತಿತ್ತು. ಬ ಅಕ್ಷರವನ್ನು ಕಮಾನಿಗಿಂತ 5 ಪಿಕ್ಸೆಲ್ ಎತ್ತರ ಮಾಡಿ, ಗ ಅಕ್ಷರದ ತಲೆಕಟ್ಟಿನ ಬಲತುದಿಯ ಕೊಂಕನ್ನು ಆ ಖಾಲಿ ಜಾಗದ ಕಡೆಗೆ ಸ್ವಲ್ಪ ಚಾಚಿದೆ. ಈ ಜೋಡಿ ಬ, ಗ ಎಂಬ ಕ್ರಮದಲ್ಲಿ ಇದ್ದಿದ್ದರೆ ಆ ಕೊಂಕು ಹೊರಕ್ಕೆ ಬಳೆಯ ಕಡೆ ಚಾಚಿ ಇಡೀ ಗುರುತು ಬಲಕ್ಕೆ ವಾಲುತ್ತಿತ್ತು. ಅಕ್ಷರಗಳ ಕ್ರಮ ಆರಿಸಲು ಅವಕಾಶ ಇದ್ದವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಬಳೆಯ ನಡುವೆ ಕೂರಿಸುವಾಗಲೂ ಹೀಗೆಯೇ. ತಂತ್ರಾಂಶದ ನಡುವಿಗೆ ತರುವ ಗುಂಡಿ ಒತ್ತಿದರೆ ಅದು ತಲೆಕಟ್ಟಿನ ತುದಿಯಿಂದ ತಳದವರೆಗೆ ಅಳೆದು ನಡುವು ಹಿಡಿಯುತ್ತದೆ. ತಲೆಕಟ್ಟು ಹಗುರ, ಅಕ್ಷರಗಳ ಭಾರವೆಲ್ಲ ಕೆಳಗೆ. ಹಾಗಾಗಿ ಗುರುತು ಕುಸಿದು ಕೂತಂತೆ ಕಾಣುತ್ತದೆ. 4 ಪಿಕ್ಸೆಲ್ ಮೇಲೆತ್ತಿದ ಮೇಲೆ ನೆಟ್ಟಗಾಯಿತು. ತಲೆಕಟ್ಟಿನ ಎಡತುದಿಗೂ ಬಳೆಗೂ ನಡುವೆ ಒಂದು ಗೆರೆಯಷ್ಟಾದರೂ ಜಾಗ ಉಳಿದಿದೆಯೇ ಎಂದು ಆಗ ನೋಡಬೇಕು, ನಮ್ಮದರಲ್ಲಿ ಉಳಿದಿತ್ತು. ಸಮತೋಲ ಪರೀಕ್ಷಿಸಲು ನಾನು ಬಳಸುವುದು `Object > Flip Vertical`. ತಲೆಕೆಳಗಾದಾಗ ಅದು ಅಕ್ಷರವಾಗಿ ಓದಿಸಿಕೊಳ್ಳುವುದಿಲ್ಲ, ಬರೀ ಆಕಾರವಾಗಿ ಕಾಣುತ್ತದೆ, ಯಾವ ಬದಿ ಭಾರ ಎಂಬುದು ಕೂಡಲೇ ತಿಳಿಯುತ್ತದೆ.

ಇಷ್ಟೂ ಕೆಲಸ ಕಪ್ಪಿನಲ್ಲೇ. ಆಕಾರ ಕಪ್ಪು-ಬಿಳುಪಿನಲ್ಲಿ ನಿಲ್ಲದಿದ್ದರೆ ಬಣ್ಣ ಅದನ್ನು ಎತ್ತಿ ಹಿಡಿಯಲಾರದು. ಬಣ್ಣ ಆರಿಸುವಾಗ ವೈನಿಯ ಡಬ್ಬಿಗಳನ್ನೇ ಮುಂದಿಟ್ಟುಕೊಂಡೆ. ಕೇಕಿಗೆ ಬಿಳಿ ಡಬ್ಬಿ, ಬಿಸ್ಕತ್ತಿಗೆ ಕಂದು ಕಾಗದದ ಚೀಲ. ವೈನಿಗೆ ಗುಲಾಬಿ ಇಷ್ಟವಿತ್ತು. ಬಿಳಿಯ ಮೇಲೆ ಚೆಂದ ಕಂಡ ಗುಲಾಬಿ ಕಂದು ಕಾಗದದ ಮೇಲೆ ಮಂಕಾಯಿತು, ಒಂದು ಮಾರು ದೂರದಿಂದ ಕಾಣಲೇ ಇಲ್ಲ. ಹಳದಿಯದೂ ಅದೇ ಕಥೆ. ಹಸಿರು ಬೇಡವೆಂದದ್ದು ಬೇರೆ ಕಾರಣಕ್ಕೆ. ಲೇಬಲ್ಲಿನ ಮೇಲೆ ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಮೊಟ್ಟೆ ಹಾಕಿದ್ದಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ ಬರಬೇಕು. ಪಕ್ಕದಲ್ಲೇ ಹಸಿರು ದುಂಡು ಲೋಗೊ ಇದ್ದರೆ ಮೊಟ್ಟೆ ತಿನ್ನದವರು ಅದನ್ನೇ ನೋಡಿ ಕೊಂಡಾರು. ಕೊನೆಗೆ ಬೀದರ್ ಕೋಟೆಯ ಕೆಂಪುಕಲ್ಲು ಮಳೆಯಲ್ಲಿ ನೆನೆದಾಗ ಕಾಣುವಂಥ ಗಾಢ ಕೆಂಪು ಹಿಡಿದೆವು, `#6B1F1A`. ಬಿಳಿಯ ಮೇಲೂ ಕಂದಿನ ಮೇಲೂ ಅದು ನಿಲ್ಲುತ್ತದೆ.

ಒಂದೇ ಬಣ್ಣ ಎಂದರೂ ಎರಡು ರೂಪ ಬೇಕಾಗುತ್ತದೆ, ತಿಳಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ, ಕೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ. ಕಪ್ಪು ಮಾಡಿದ ಲೋಹದಲ್ಲಿ ಬೆಳ್ಳಿ ಕೂರಿಸಿದ ಬಿದ್ರಿ ಡಬ್ಬಿಯನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು: ಗಾಢ ಹಿನ್ನೆಲೆಯಲ್ಲಿ ತಿಳಿ ಗೆರೆ ತನ್ನ ಅಳತೆಗಿಂತ ದಪ್ಪವಾಗಿ ಕಾಣುತ್ತದೆ. ಅದಕ್ಕೆ ಬಿಳಿ ಅಕ್ಷರದ ರೂಪದಲ್ಲಿ ಗೆರೆಯನ್ನು 10ರ ಬದಲು 9 ಮಾಡಿ ಬೇರೆ ಫೈಲಾಗಿ ಇಟ್ಟೆ.

ಮುದ್ರಣಕ್ಕೆ ಕೊಡುವ ಮುಂಚೆ, ಗೆರೆಯನ್ನು ತುಂಬಿದ ಆಕಾರವಾಗಿ ಬದಲಿಸುವ `Path > Stroke to Path` ಮಾಡಲೇಬೇಕು. ಅದಿಲ್ಲದೆ ಲೋಗೊವನ್ನು ಸಣ್ಣದು ಮಾಡಿದಾಗ ಕೆಲವು ಕಡೆ ಗೆರೆಯ ದಪ್ಪ ಹಾಗೇ ಉಳಿದು ಅಕ್ಷರ ಮುದ್ದೆಯಾಗುತ್ತದೆ. ಲೇಬಲ್ಲಿನ ಮೇಲೆ ಕನ್ನಡ ಬರಹ ಇದ್ದರೆ ಅದನ್ನೂ ಆಕಾರವಾಗಿ ಬದಲಿಸಲು `Path > Object to Path` ಮಾಡಿ ಕೊಡಿ. ನಮ್ಮ ಕಡೆಯ ಮುದ್ರಣದಂಗಡಿಗಳಲ್ಲಿ ಹೆಚ್ಚಾಗಿ ಕೋರೆಲ್ ಎಂಬ ತಂತ್ರಾಂಶ ಮತ್ತು ಯೂನಿಕೋಡ್ ಅಲ್ಲದ ನುಡಿ ಫಾಂಟು, ಯೂನಿಕೋಡ್ ಬರಹ ಅಲ್ಲಿ ಒತ್ತಕ್ಷರ ಬಿಡಿಸಿಕೊಂಡು ತೆರೆದದ್ದನ್ನು ನೋಡಿದ್ದೇನೆ. ಅಂಗಡಿಗೆ ಪಿಡಿಎಫ್, ನಮ್ಮ ಬಳಿ ಎಸ್‌ವಿಜಿ, ಫೋನಿಗೆ ಪಿಎನ್‌ಜಿ, ಇಷ್ಟು ಸಾಕು.

ಗಾತ್ರಕ್ಕೆ ಒಂದು ಮಿತಿ ಇದೆ, ಅದನ್ನು ತೋರಿಸುವುದು ಬ ಅಕ್ಷರದ ಬಾಯಿ. ನಮ್ಮ ಬರಹದಲ್ಲಿ ಎರಡು ತುದಿಗಳ ನಡುವೆ 10 ಪಿಕ್ಸೆಲ್ ತೆರಪಿದೆ. 20 ಮಿ.ಮೀ. ಸ್ಟಿಕ್ಕರಿನಲ್ಲಿ ಅದು 1.1 ಮಿ.ಮೀ., ಸ್ವಚ್ಛವಾಗಿ ಬರುತ್ತದೆ. 12 ಮಿ.ಮೀ.ಗೆ ಇಳಿಸಿದರೆ 0.7ಕ್ಕೂ ಕಡಿಮೆ. ಕಂದು ಚೀಲದ ಮೇಲೆ ರಬ್ಬರ್ ಮೊಹರು ಒತ್ತಿದಾಗ ಮಸಿ ಕಾಗದದಲ್ಲಿ ಹರಡಿ ಆ ಬಾಯಿ ಮುಚ್ಚಿಕೊಳ್ಳುತ್ತದೆ, ಬ ಹೋಗಿ ಸೊನ್ನೆಯಂತೆ ಕಾಣುತ್ತದೆ. ಅದಕ್ಕೆ 15 ಮಿ.ಮೀ.ಗಿಂತ ಸಣ್ಣ ಜಾಗಕ್ಕೆ ಬಳೆ ತೆಗೆದು ಅಕ್ಷರಗಳನ್ನಷ್ಟೇ ದೊಡ್ಡದಾಗಿ ಇಡುವ ರೂಪವನ್ನು ಮಾಡಿಕೊಟ್ಟೆ. ಅದೇ 12 ಮಿ.ಮೀ.ನಲ್ಲಿ ಆಗ ತೆರಪು 1.2 ಆಗುತ್ತದೆ.

ಬಳೆಯಿಲ್ಲದ ಈ ರೂಪವೇ ಕೇಕಿನ ಮೇಲೆ ಕೋಕೊ ಪುಡಿ ಉದುರಿಸುವ ಅಚ್ಚಿಗೂ ಬಂತು. ಪ್ಲಾಸ್ಟಿಕ್ ಹಾಳೆಯಲ್ಲಿ ಅಕ್ಷರ ಕತ್ತರಿಸುವಾಗ ನಾಲ್ಕೂ ಕಡೆ ಮುಚ್ಚಿದ ಭಾಗ ಇದ್ದರೆ ಅದು ಕಳಚಿ ಬೀಳುತ್ತದೆ. ಬಳೆ ಕತ್ತರಿಸಿದರೆ ನಡುವಿನದೆಲ್ಲ ಕೈಗೆ ಬರುತ್ತದೆ. ನಾನು ಬರೆದ ಗ, ಬ ಎರಡರಲ್ಲೂ ಮುಚ್ಚಿದ ಹೊಟ್ಟೆ ಇಲ್ಲ, ಒಳಭಾಗ ಬೀಳದಂತೆ ಹಿಡಿದಿಡುವ ಸಣ್ಣ ಪಟ್ಟಿ, ಅಂದರೆ ಸೇತುವೆ, ಒಂದನ್ನೂ ಬಿಡದೆ ಕತ್ತರಿಸಬಹುದು. ಹೆಸರು ಮ, ಥ, ಧ ಮುಂತಾದವುಗಳಿಂದ ಶುರುವಾಗುವವರು, ತಮ್ಮ ಅಕ್ಷರದ ಯಾವ ಭಾಗ ಮುಚ್ಚಿದೆ ಎಂದು ನೋಡಿ ಅಲ್ಲಿ ಎರಡು ಮಿ.ಮೀ. ಅಗಲದ ಸೇತುವೆ ಬಿಟ್ಟುಕೊಳ್ಳಬೇಕು. ಸೇತುವೆಯನ್ನು ಗೆರೆಯ ತುದಿಯಲ್ಲಿ ಇಡದೆ ಗೆರೆಗಳು ಕೂಡುವ ಕಡೆ ಇಟ್ಟರೆ ಓದಿಗೆ ತೊಡಕಾಗುವುದಿಲ್ಲ.