ವಿಚಾರಣೆ ನಡೆಸಿದ್ದು ಇನ್ಸ್‌ಪೆಕ್ಟರ್, ಸಹಿ ಮಾಡಿದ್ದು ಸಾಹೇಬರು

ಮುಂಬಯಿಯ ನಮ್ಮವರ ಹೋಟೆಲುಗಳ ಜಿಎಸ್‌ಟಿ ನೋಟಿಸುಗಳಿಗೆ ಉತ್ತರ ಬರೆಯುವವರಿಗೆ ಮಝಗಾಂವದ ಜಿಎಸ್‌ಟಿ ಭವನದಲ್ಲಿ ಈ ಮಾತು ಹೊಸದಲ್ಲ: "ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನನಗೇ ಹೇಳಿ, ನಾನು ಅವರಿಗೆ ಹೇಳ್ತೀನಿ." ನೋಟಿಸು ಕೊಟ್ಟವರು ರಾಜ್ಯ ತೆರಿಗೆ ಉಪ ಆಯುಕ್ತರು. ಎದುರಿಗೆ ಕುಳಿತು ಕೇಳುವವರು ಇನ್ಸ್‌ಪೆಕ್ಟರ್. ತಿಂಗಳ ನಂತರ ಬರುವ ಆದೇಶದಲ್ಲಿ ಡಿಜಿಟಲ್ ಸಹಿ ಮತ್ತೆ ಉಪ ಆಯುಕ್ತರದು. ಇಂಥ ಪ್ರಕರಣಗಳನ್ನು ನಾನು ಹೇಗೆ ನಡೆಸುತ್ತೇನೆ ಎಂಬುದನ್ನು ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಗಳನ್ನೇ ಇಟ್ಟಿದ್ದೇನೆ.

ಮಾಟುಂಗದ ಒಂದು ಹೋಟೆಲು ಎಂದಿಟ್ಟುಕೊಳ್ಳಿ. 2022-23ರಲ್ಲಿ ಪುಸ್ತಕದ ಪ್ರಕಾರ ವಹಿವಾಟು 1.60 ಕೋಟಿ. GSTR-3B ರಿಟರ್ನಿನಲ್ಲಿ ತೆರಿಗೆ ಕಟ್ಟುವ ಮಾರಾಟದ 3.1(a) ಸಾಲಿನಲ್ಲಿ ತೋರಿಸಿದ್ದು 1.20 ಕೋಟಿ. ಉಳಿದ 40 ಲಕ್ಷಕ್ಕೆ ಶೇ. 5ರಂತೆ 2 ಲಕ್ಷ ತೆರಿಗೆ ಕೊಡಿ ಎಂದು ನೋಟಿಸು. ವಾಸ್ತವದಲ್ಲಿ ಆ 40 ಲಕ್ಷ ಫುಡ್ ಆ್ಯಪ್‌ಗಳ ಮೂಲಕ ಆದ ಮಾರಾಟ. 2022ರ ಜನವರಿ 1ರಿಂದ ಜಿಎಸ್‌ಟಿ ಕಾಯ್ದೆಯ ಕಲಂ 9(5)ರ ಅಡಿಯಲ್ಲಿ ಅದರ ತೆರಿಗೆಯನ್ನು ಆ್ಯಪ್ ಕಂಪನಿಯೇ ಕಟ್ಟಬೇಕು. ಹೋಟೆಲಿನವರು ಆ ಮೊತ್ತವನ್ನು 3.1.1(ii)ರಲ್ಲಿ ತೋರಿಸಿದರೆ ಸಾಕು. ಆದರೆ ಆ ಸಾಲು ಫಾರ್ಮಿಗೆ ಬಂದದ್ದೇ 2022ರ ಜುಲೈ ತಿದ್ದುಪಡಿಯಿಂದ. ಅದಕ್ಕೆ ಮುಂಚೆ, ಇಲಾಖೆಯ ಸುತ್ತೋಲೆಯಂತೆಯೇ, ಅದನ್ನು ವಿನಾಯಿತಿ ಮಾರಾಟದ 3.1(c) ಸಾಲಿನಲ್ಲಿ ಹಾಕಬೇಕಿತ್ತು. ಹಾಗಾಗಿ ಏಪ್ರಿಲ್‌ನಿಂದ ಜೂನ್‌ವರೆಗಿನ 9 ಲಕ್ಷ 3.1(c)ಯಲ್ಲಿದೆ, ಉಳಿದ 31 ಲಕ್ಷ 3.1.1ರಲ್ಲಿದೆ.

31 ಲಕ್ಷ ಯಾರಿಗಾದರೂ ಒಂದೇ ನೋಟಕ್ಕೆ ಅರ್ಥವಾಗುತ್ತದೆ. 9 ಲಕ್ಷವನ್ನು ಮಾತ್ರ ಬಾಯಿಬಿಟ್ಟು ವಿವರಿಸಬೇಕು. ಇನ್ಸ್‌ಪೆಕ್ಟರ್ ತಲೆಯಾಡಿಸುತ್ತಾರೆ, ಅವರಿಗೆ ಅರ್ಥವೂ ಆಗಿರುತ್ತದೆ. ಆದರೆ ಟಿಪ್ಪಣಿಯಲ್ಲಿ ಅವರು ಬರೆಯುವುದು "ಪ್ರತಿನಿಧಿ ಹಾಜರಾಗಿ ದಾಖಲೆ ಕೊಟ್ಟರು" ಎಂಬ ಒಂದೇ ಸಾಲು. ಆದೇಶ ಬಂದಾಗ 31 ಲಕ್ಷ ಬಿಟ್ಟಿರುತ್ತಾರೆ, 9 ಲಕ್ಷಕ್ಕೆ "ತೆರಿಗೆಯ ಮಾರಾಟವನ್ನು ವಿನಾಯಿತಿ ಎಂದು ತೋರಿಸಲಾಗಿದೆ, ಸಮರ್ಪಕ ವಿವರಣೆ ಇಲ್ಲ" ಎಂದು 45,000 ರೂಪಾಯಿ ತೆರಿಗೆ, ಅದರ ಮೇಲೆ ಬಡ್ಡಿ, ದಂಡ. ವಿವರಣೆ ಕೊಟ್ಟಾಗಿತ್ತು, ನಿರ್ಧರಿಸುವವರ ಕಿವಿಗೆ ಅದು ಮುಟ್ಟಲಿಲ್ಲ ಅಷ್ಟೇ.

ಕೇಳಿದವರೇ ತೀರ್ಮಾನಿಸಬೇಕು ಎಂಬ ನಿಯಮ ಇರುವುದು ಇದಕ್ಕೇ. 1958ರ ಗುಲ್ಲಪಲ್ಲಿ ನಾಗೇಶ್ವರ ರಾವ್ ಪ್ರಕರಣದಲ್ಲಿ ಬಸ್ ಮಾಲೀಕರ ಆಕ್ಷೇಪಗಳನ್ನು ಕೇಳಿದ್ದು ಕಾರ್ಯದರ್ಶಿ, ಆದೇಶ ಕೊಟ್ಟಿದ್ದು ಮುಖ್ಯಮಂತ್ರಿ. ಹಾಗಾದರೆ ಖುದ್ದು ವಿಚಾರಣೆ ಬರೀ ಶಾಸ್ತ್ರಕ್ಕೆ ನಡೆದಂತೆ ಎಂದಿತು ಸುಪ್ರೀಂ ಕೋರ್ಟು. ಕೇಳಿದ ಅಧಿಕಾರಿ ವರ್ಗವಾಗಿ, ಬಂದ ಹೊಸಬರು ಮತ್ತೆ ಕೇಳದೆ ತೀರ್ಮಾನ ಕೊಟ್ಟರೂ ಅದೇ ದೋಷ ಎಂಬುದು 2011ರ ಆಟೋಮೋಟಿವ್ ಟೈರ್ ತೀರ್ಪಿನಿಂದ ಸ್ಪಷ್ಟ.

ಇನ್ಸ್‌ಪೆಕ್ಟರ್ ಕಡತ ಮುಟ್ಟಲೇಬಾರದು ಎಂದು ಇದರರ್ಥವಲ್ಲ. ಆ್ಯಪ್‌ನ ಸ್ಟೇಟ್‌ಮೆಂಟ್ ತಾಳೆ ನೋಡುವುದು, ಅಂಕಿ ಕೂಡಿಸುವುದು, ವರದಿ ಬರೆಯುವುದು ಅವರ ಕೆಲಸವೇ. ಆ ವರದಿ ನಮಗೆ ವಿರುದ್ಧವಿದ್ದು, ಅದನ್ನೇ ಆದೇಶಕ್ಕೆ ಆಧಾರ ಮಾಡುವುದಾದರೆ ಪ್ರತಿ ಕೊಡಬೇಕು. ತಕರಾರು ಇರುವುದು ಕಲಂ 75(4)ರ ಖುದ್ದು ವಿಚಾರಣೆಗೆ ಮಾತ್ರ. ನೋಟಿಸು ಕೊಟ್ಟು ತೀರ್ಮಾನಿಸುವ ಅಧಿಕಾರ ಯಾರಿಗಿದೆಯೋ ಅವರೇ ಅದನ್ನು ನಡೆಸಬೇಕು.

ನನ್ನ ತಯಾರಿ ನೋಟಿಸಿಗೆ ಉತ್ತರ ಕೊಡುವ DRC-06 ಫಾರ್ಮು ತುಂಬುವಾಗಲೇ ಶುರು. ಖುದ್ದು ವಿಚಾರಣೆ ಬೇಕೇ ಎಂಬಲ್ಲಿ ಹೌದು ಎಂದೇ ಒತ್ತುತ್ತೇನೆ. ಬೇಡ ಎಂದಿದ್ದರೂ, ವಿರುದ್ಧ ಆದೇಶ ಕೊಡುವ ಮುನ್ನ ಕೇಳಲೇಬೇಕೆಂದು 75(4) ಹೇಳುತ್ತದೆ, ಆದರೆ ಆ ವಾದಕ್ಕೆ ಸುಮ್ಮನೆ ಶ್ರಮ ಹಾಕಬೇಕಾಗುತ್ತದೆ. 3.1(c)ಯ ವಿಷಯವನ್ನು ಉತ್ತರದಲ್ಲಿ ಪ್ರತ್ಯೇಕ ಪರಿಚ್ಛೇದವಾಗಿ ಬರೆದು, ಮೂರು ತಿಂಗಳ ಸ್ಟೇಟ್‌ಮೆಂಟಿನ ಜೊತೆಗೆ ಸುತ್ತೋಲೆಯನ್ನೂ ಲಗತ್ತಿಸುತ್ತೇನೆ. ಬಾಯಿಮಾತು ಕಳೆದುಹೋದರೂ ಕಾಗದ ಕಡತದಲ್ಲಿ ಉಳಿಯುತ್ತದೆ.

ವಿಚಾರಣೆಯ ದಿನ ಇನ್ಸ್‌ಪೆಕ್ಟರ್ ಕುಳಿತಿದ್ದರೆ ಸಿಟ್ಟು ಮಾಡಿಕೊಂಡು ಎದ್ದು ಬರುವುದಿಲ್ಲ. ಎದ್ದು ಬಂದರೆ ವಿಚಾರಣೆಯ ದಿನದಿನದ ದಾಖಲೆಯಾದ ರೋಜ್‌ನಾಮಾದಲ್ಲಿ ಗೈರುಹಾಜರಿ ಬೀಳುತ್ತದೆ. ಸಾಹೇಬರು ಎಷ್ಟು ಹೊತ್ತಿಗೆ ಸಿಗುತ್ತಾರೆ, ಇನ್ನೊಂದು ತಾರೀಖು ಕೊಡಬಹುದೇ ಎಂದು ಕೇಳುತ್ತೇನೆ. ಆಗದು ಎಂದರೆ ಕಾಗದ ಒಪ್ಪಿಸಿ ಸ್ವೀಕೃತಿ ಪಡೆಯುತ್ತೇನೆ, ಮತ್ತು ರೋಜ್‌ನಾಮಾಕ್ಕೆ ಸಹಿ ಹಾಕುವ ಮುನ್ನ ನನ್ನ ಕೈಯಲ್ಲೇ ಒಂದು ಸಾಲು ಬರೆಯುತ್ತೇನೆ: "ಇಂದು ಹಾಜರಾದೆವು, ದಾಖಲೆಗಳನ್ನು ಇನ್ಸ್‌ಪೆಕ್ಟರ್ ಅವರಿಗೆ ಒಪ್ಪಿಸಿದೆವು. ಉಪ ಆಯುಕ್ತರು ಇರಲಿಲ್ಲ. ಅವರ ಎದುರೇ ವಿಚಾರಣೆ ನಡೆಯಬೇಕೆಂದು ಕೋರುತ್ತೇವೆ." ಅದೇ ದಿನ ಅದೇ ಮಾತನ್ನು ಇಮೇಲಿನಲ್ಲಿ ಉಪ ಆಯುಕ್ತರಿಗೂ ಕಳಿಸುತ್ತೇನೆ. ಭಾಷೆ ವಿನಯದ್ದೇ ಇರಲಿ. ಅರ್ಧ ಪ್ರಕರಣಗಳಿಗೆ ಮದ್ದು ಈ ಇಮೇಲೇ, ಹೊಸ ತಾರೀಖು ತಾನಾಗಿ ಬರುತ್ತದೆ.

ಈ ಸಾಲು ಯಾಕಷ್ಟು ಮುಖ್ಯ ಎಂದರೆ, ನಿಯಮಕ್ಕೂ ಮಿತಿಯಿದೆ. 2013ರ ಕಳಿಂಗ ಮೈನಿಂಗ್ ಪ್ರಕರಣದಲ್ಲಿ ಕೇಳಿದವರು ಬೇರೆ, ಆದೇಶ ಕೊಟ್ಟವರು ಬೇರೆ. ಆದರೂ ಸುಪ್ರೀಂ ಕೋರ್ಟು ಆದೇಶವನ್ನು ರದ್ದು ಮಾಡಲಿಲ್ಲ. ನಿಜವಾದ ಹಾನಿ ಏನಾಯಿತು, ಆಗಲೇ ಯಾಕೆ ಆಕ್ಷೇಪಿಸಲಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಇರಬೇಕು. ನಮ್ಮ ಉದಾಹರಣೆಯಲ್ಲಿ ಹಾನಿ ಕಣ್ಣಿಗೆ ಕಾಣುತ್ತದೆ: 9 ಲಕ್ಷದ ವಿವರಣೆಗೆ ಆದೇಶದಲ್ಲಿ ಒಂದು ಮಾತಿನ ಉತ್ತರವೂ ಇಲ್ಲ. ವಿವರಣೆಯನ್ನು ಚರ್ಚಿಸಿ ತಳ್ಳಿಹಾಕಿದ್ದರೆ ವಾದ ತೆಳ್ಳಗಾಗುತ್ತಿತ್ತು.

ಆದೇಶ ಕೈಗೆ ಬಂದ ಮೇಲೆ ಮೊದಲು ನೋಡುವುದು "ನನ್ನ ಮುಂದೆ ಹಾಜರಾದರು" ಎಂಬ ವಾಕ್ಯವನ್ನು. ಯಾವ ತಾರೀಖು, ಆ ದಿನ ಸಹಿದಾರರು ಆ ಹುದ್ದೆಯಲ್ಲಿದ್ದರೇ? ರೋಜ್‌ನಾಮಾದ ದೃಢೀಕೃತ ಪ್ರತಿಗೆ ಅರ್ಜಿ ಹಾಕುತ್ತೇನೆ, ಬೇಕಾದರೆ ಮಾಹಿತಿ ಹಕ್ಕಿನಡಿ ಕಡತದ ಟಿಪ್ಪಣಿ ಹಾಳೆ ಕೇಳುತ್ತೇನೆ. ಇನ್ಸ್‌ಪೆಕ್ಟರ್ ಬರೆದ ಕರಡೇ ಅಕ್ಷರ ಬದಲಾಗದೆ ಆದೇಶವಾಗಿರುವುದು ಅಲ್ಲಿ ಸಿಕ್ಕಿಬೀಳುತ್ತದೆ.

ಮುಂದೆ ಎಲ್ಲಿಗೆ ಹೋಗಬೇಕೆಂಬುದು ಹಣದ ಲೆಕ್ಕ. ಮೇಲ್ಮನವಿಗೆ ಮೂರು ತಿಂಗಳು, ಸರಿಯಾದ ಕಾರಣವಿದ್ದರೆ ಇನ್ನೊಂದು ತಿಂಗಳು. ವಿವಾದದ ತೆರಿಗೆಯ ಶೇ. 10, ಅಂದರೆ ಇಲ್ಲಿ 4,500 ರೂಪಾಯಿ, ಮುಂಗಡ ಕಟ್ಟಬೇಕು. ಆದರೆ ಕಲಂ 107(11)ರ ಪ್ರಕಾರ ಮೇಲ್ಮನವಿ ಅಧಿಕಾರಿ ಪ್ರಕರಣವನ್ನು ಕೆಳಗೆ ಹಿಂದಿರುಗಿಸುವಂತಿಲ್ಲ. ಮತ್ತೆ ವಿಚಾರಣೆ ಮಾಡಿ ಎಂಬ ಆದೇಶ ಬೇಕಿದ್ದರೆ ಬಾಂಬೆ ಹೈಕೋರ್ಟಿಗೆ ರಿಟ್ ಹಾಕಬೇಕು. 45,000ಕ್ಕೆ ರಿಟ್ ಹಾಕುವುದು ಹುಚ್ಚುತನ, ವಕೀಲರ ಶುಲ್ಕವೇ ಅದನ್ನು ಮೀರುತ್ತದೆ. ಸ್ಟೇಟ್‌ಮೆಂಟು, ಸುತ್ತೋಲೆ ಗಟ್ಟಿಯಾಗಿರುವಾಗ ಮೇಲ್ಮನವಿಯಲ್ಲೇ ಗೆಲ್ಲಬಹುದು. ಅಲ್ಲಿ ಕೇಳಿದವರೇ ತೀರ್ಮಾನಿಸಬೇಕು ಎಂಬ ಅಂಶವನ್ನು ಎರಡನೇ ಆಧಾರವಾಗಿಡುತ್ತೇನೆ. ಮೊತ್ತ ದೊಡ್ಡದಿದ್ದು, ದಾಖಲೆಯನ್ನು ಎದುರು ಕುಳಿತು ವಿವರಿಸದೆ ಅರ್ಥವೇ ಆಗದು ಎಂಬಂತಿದ್ದರೆ ಮಾತ್ರ ರಿಟ್. ಗೆದ್ದರೂ ತೆರಿಗೆ ಮಾಫಿ ಆಗುವುದಿಲ್ಲ, ಸಾಮಾನ್ಯವಾಗಿ ಸಿಗುವುದು ಮತ್ತೊಂದು ವಿಚಾರಣೆ ಎಂದು ಕಕ್ಷಿದಾರರಿಗೆ ಮೊದಲೇ ಹೇಳಿಬಿಡುತ್ತೇನೆ.

ಅಧಿಕಾರಿ ವರ್ಗವಾದ ಸುದ್ದಿ ಬಂದ ಕೂಡಲೇ ಹೊಸಬರಿಗೆ ಒಂದು ಪತ್ರ: ಹಿಂದಿನವರ ಮುಂದೆ ವಿಚಾರಣೆ ನಡೆದಿತ್ತು, ದಯವಿಟ್ಟು ನಮ್ಮನ್ನು ಮತ್ತೆ ಕೇಳಿ. ಇದನ್ನು ಮುಂದೂಡಿಕೆ ಎಂದು ಕರೆಯದಂತೆ ಎಚ್ಚರ ವಹಿಸಬೇಕು, ಏಕೆಂದರೆ ಕಲಂ 75(5)ರಲ್ಲಿ ಮುಂದೂಡಿಕೆ ಮೂರಕ್ಕೇ ಮುಗಿಯುತ್ತದೆ. ಆದೇಶದ ಗಡುವು ಹತ್ತಿರವಿದ್ದಾಗ ಹೊಸಬರು ಹಳೆಯ ಟಿಪ್ಪಣಿಯ ಮೇಲೆಯೇ ಸಹಿ ಹಾಕುವ ಸಂಭವ ಹೆಚ್ಚು. ಹಾಗಾಗಿ 2022-23ರ ಪ್ರಕರಣಗಳಲ್ಲಿ ಪತ್ರವನ್ನು ಡಿಸೆಂಬರ್ 2026ರವರೆಗೆ ಕಾಯದೆ ಕಳಿಸುವುದು ಒಳ್ಳೆಯದು.