ಒತ್ತಕ್ಷರಕ್ಕೆ ಸಂಕೇತಸಂಖ್ಯೆ ಇಲ್ಲ: ಮೊಬೈಲ್ ಆಟವೊಂದನ್ನು ಕನ್ನಡಕ್ಕೆ ತಂದ ಅನುಭವ

ಇಂಗ್ಲಿಷ್ ಮತ್ತು ಜರ್ಮನ್ ಭಾಷೆಗಳಲ್ಲಿ ಆಗಲೇ ಬಿಡುಗಡೆಯಾಗಿದ್ದ, ಯೂನಿಟಿ ಎಂಬ ಗೇಮ್ ಎಂಜಿನ್ನಿನಲ್ಲಿ ಕಟ್ಟಿದ ಒಗಟಿನ ಆಟವೊಂದಕ್ಕೆ ಕನ್ನಡ, ಹಿಂದಿ ಮತ್ತು ತಮಿಳನ್ನು ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅನುವಾದ ಬೇಗನೆ ಮುಗಿಯಿತು. ಅನುವಾದವಾದದ್ದು ತೆರೆಯ ಮೇಲೆ ಓದುವಂತೆ ಮೂಡಬೇಕೆಂಬುದೇ ನಿಜವಾದ ಕೆಲಸವಾಯಿತು.

ಆಟದ ಪಠ್ಯವೆಲ್ಲ ಟೆಕ್ಸ್ಟ್‌ಮೆಶ್ ಪ್ರೊ ಎಂಬ, ಯೂನಿಟಿಯ ಪಠ್ಯ ಮೂಡಿಸುವ ಘಟಕದ ಮೂಲಕ ಮೂಡುತ್ತಿತ್ತು. ಅದಕ್ಕೆ ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಕೊಟ್ಟಾಗ ‘ಸ್ತ್ರೀ’ ಎಂಬುದರಲ್ಲಿ ಸ, ತ, ರ ಮೂರೂ ಪೂರ್ಣಾಕ್ಷರಗಳಾಗಿ ಸಾಲಾಗಿ ನಿಂತು, ನಡುನಡುವೆ ಅರ್ಧಾಕ್ಷರ ಚಿಹ್ನೆ ಕಾಣಿಸಿಕೊಂಡಿತು. ‘ಕಿ’ಯಲ್ಲಿ ಕಕಾರದ ತಲೆಕಟ್ಟು ಹಾಗೆಯೇ ಉಳಿದು, ಗುಡಿಸು ಪಕ್ಕದಲ್ಲಿ ಬೇರೆಯಾಗಿ ಕುಳಿತಿತ್ತು. ಇಂಥ ಸಂದರ್ಭದಲ್ಲಿ ಎಲ್ಲರೂ ಮೊದಲು ಫಾಂಟನ್ನೇ ದೂರುತ್ತಾರೆ. ದೋಷ ಫಾಂಟಿನದೋ ಎಂಜಿನ್ನಿನದೋ ಎಂಬುದನ್ನು, ಸಂಕೇತಗಳಿಗೆ ತಕ್ಕ ಆಕೃತಿಗಳನ್ನು ಫಾಂಟಿನಿಂದ ಆರಿಸಿ ಜೋಡಿಸುವ ಹಾರ್ಫ್‌ಬಜ್ ಗ್ರಂಥಾಲಯದ ಒಂದೇ ಆಜ್ಞೆಯಿಂದ ತಿಳಿಯಬಹುದು:

```
hb-view NotoSansKannada-Regular.ttf "ಸ್ತ್ರೀ" --output-file=t.png
```

ಚಿತ್ರದಲ್ಲಿ ಅಕ್ಷರ ಸರಿಯಾಗಿತ್ತು. ಆದ್ದರಿಂದ ಕೊರತೆ ಎಂಜಿನ್ನಿನದು ಎಂದು ಖಚಿತವಾಯಿತು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ U+0C80ರಿಂದ U+0CFFವರೆಗೆ 128 ಸ್ಥಾನಗಳಿವೆ. ತಕಾರದ ಒತ್ತಿಗೆ ಅಲ್ಲಿ ಸ್ವಂತ ಸ್ಥಾನವಿಲ್ಲ. ಅದು ‘್’ ಮತ್ತು ‘ತ’ ಎಂಬ ಎರಡು ಸಂಕೇತಗಳಾಗಿ ಉಳಿದಿರುತ್ತದೆ, ಒತ್ತಿನ ಆಕೃತಿ ಯಾವ ಆಕೃತಿಯ ಬದಲು ಯಾವುದು ಬರಬೇಕೆಂದು ಹೇಳುವ, ಫಾಂಟಿನೊಳಗಿನ ಜಿಸಬ್ ಕೋಷ್ಟಕದ ಮೂಲಕ ಮಾತ್ರ ಸಿಗುತ್ತದೆ. ಟೆಕ್ಸ್ಟ್‌ಮೆಶ್ ಪ್ರೊನ ನಾವು ಬಳಸಿದ ಆವೃತ್ತಿ ಒಂದೊಂದು ಸಂಕೇತಕ್ಕೆ ಒಂದೊಂದು ಆಕೃತಿಯನ್ನು ಹುಡುಕುತ್ತಿದ್ದುದರಿಂದ ಆ ಕೋಷ್ಟಕದತ್ತ ಹೋಗುತ್ತಲೇ ಇರಲಿಲ್ಲ. ಆಕೃತಿಗಳ ಚಿತ್ರಗಳನ್ನು ಒಟ್ಟಾಗಿ ಇಡುವ ಅದರ ಅಟ್ಲಾಸ್ ಕೂಡ ಅಕ್ಷರಪಟ್ಟಿಯಿಂದ ತಯಾರಾಗುತ್ತಿದ್ದುದರಿಂದ, ಎಷ್ಟು ದೊಡ್ಡ ಪಟ್ಟಿ ಕೊಟ್ಟರೂ ಒತ್ತಕ್ಷರಗಳು ಅದರೊಳಗೆ ಬರುತ್ತಿರಲಿಲ್ಲ.

ಹಾಗಾಗಿ ಹಾರ್ಫ್‌ಬಜ್ ಗ್ರಂಥಾಲಯವನ್ನು ಆಂಡ್ರಾಯ್ಡ್ ಮತ್ತು ಐಒಎಸ್‌ಗೆ ಕಂಪೈಲ್ ಮಾಡಿ, ಪ್ರತಿ ವಾಕ್ಯವನ್ನೂ ಮೊದಲು ಅದರ ಕೈಗೆ ಒಪ್ಪಿಸಿದೆವು:

```c
hb_buffer_add_utf8(buf, text, -1, 0, -1);
hb_buffer_set_direction(buf, HB_DIRECTION_LTR);
hb_buffer_set_script(buf, HB_SCRIPT_KANNADA);
hb_buffer_set_language(buf, hb_language_from_string("kn", -1));
hb_shape(font, buf, NULL, 0);
```

ಹಿಂತಿರುಗಿ ಬರುವುದು ಆಕೃತಿಗಳ ಕ್ರಮಸಂಖ್ಯೆ ಮತ್ತು ಅವುಗಳ ಸ್ಥಾನ. ಆಟದ ಎಲ್ಲ ವಾಕ್ಯಗಳನ್ನೂ ಬಿಲ್ಡ್ ಸಮಯದಲ್ಲೇ ಹೀಗೆ ಹಾಯಿಸಿ, ಬಳಕೆಯಾದ ಆಕೃತಿಗಳನ್ನಷ್ಟೇ ಅಟ್ಲಾಸಿಗೆ ಸೇರಿಸಿದೆವು; ಆಟಗಾರರು ತಾವೇ ಟೈಪ್ ಮಾಡುವ ಹೆಸರುಗಳಿಗೆ ಮಾತ್ರ ಆಕೃತಿಗಳು ಆಗಿಂದಾಗಲೇ ಸೇರಿಕೊಳ್ಳುವ ವ್ಯವಸ್ಥೆ ಉಳಿಯಿತು.

ಇಷ್ಟಾದ ಮೇಲೂ ‘ಸೆಟ್ಟಿಂಗ್‌ಗಳು’ ಎಂಬ ಗುಂಡಿಯಲ್ಲಿ ‘ಸೆಟ್ಟಿಂಗ್ಗಳು’ ಎಂದು ಕಂಡಿತು. ಅನುವಾದಕಿ ಗ್ ಮತ್ತು ಗ ಸೇರದಂತೆ U+200C ಎಂಬ ಕಾಣದ ಅಕ್ಷರವನ್ನು ಹಾಕಿಯೇ ಇದ್ದರು. ಆದರೆ ಅನುವಾದದ ಕಡತವನ್ನು ಆಮದು ಮಾಡುವ ಸ್ಕ್ರಿಪ್ಟ್ ಕಾಣದ ಅಕ್ಷರಗಳನ್ನೆಲ್ಲ ಕಸವೆಂದು ಗುಡಿಸಿ ಹಾಕುತ್ತಿತ್ತು. ಇಂಗ್ಲಿಷ್‌ಗೆ ಅದು ಒಳ್ಳೆಯ ಅಭ್ಯಾಸವೇ. ಆದರೆ ಕನ್ನಡದಲ್ಲಿ ವ್ಯಂಜನದಿಂದ ಮುಗಿಯುವ ಇಂಗ್ಲಿಷ್ ಪದಕ್ಕೆ ವ್ಯಂಜನದಿಂದ ಶುರುವಾಗುವ ಪ್ರತ್ಯಯ ಹತ್ತುವ ಕಡೆ ಅದರಿಂದ ಕಾಗುಣಿತ ಕೆಡುತ್ತದೆ. U+200C ಮತ್ತು U+200D ಎರಡನ್ನೂ ಆ ಶುದ್ಧೀಕರಣದಿಂದ ಹೊರಗಿಟ್ಟೆವು.

ಪಠ್ಯ ಹಿಗ್ಗುವುದೆಂದರೆ ಅಗಲ ಹೆಚ್ಚುವುದೆಂದೇ ತಂಡದವರು ತಿಳಿದಿದ್ದರು, ಏಕೆಂದರೆ ಜರ್ಮನ್ ಅವರಿಗೆ ಕಲಿಸಿದ್ದು ಅದನ್ನೇ. ಕನ್ನಡದಲ್ಲಿ ‘ಮರುಪ್ರಾರಂಭಿಸಿ’ಯಂಥ ಉದ್ದದ ಪದವನ್ನು ‘ಮತ್ತೆ ಆಡಿ’ ಎಂದು ಬದಲಿಸಿ ಅಗಲವನ್ನು ಹಿಡಿತಕ್ಕೆ ತರಬಹುದು, ಎತ್ತರವನ್ನು ಹಾಗೆ ತಗ್ಗಿಸಲು ಬರುವುದಿಲ್ಲ. ಗುಂಡಿಗಳ ಚೌಕಟ್ಟು ರೋಮನ್ ಅಕ್ಷರಗಳ ಅಳತೆಗೆ ಬರೆದದ್ದಾಗಿತ್ತು. ಒತ್ತಕ್ಷರಗಳ ಕೆಳತುದಿ ಚೌಕಟ್ಟಿನ ಹೊರಗಿನದನ್ನು ಮರೆಮಾಡುವ ಮಾಸ್ಕಿನ ಅಂಚಿನಲ್ಲಿ ಕತ್ತರಿಸಿಹೋಗುತ್ತಿತ್ತು, ಎರಡು ಸಾಲಿನ ಸಂದೇಶಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಅಕ್ಷರದ ಗಾತ್ರ ಕಿರಿದು ಮಾಡಿದರೆ ಮಹಾಪ್ರಾಣದ ಸೀಳು ಕಾಣದೆ ದ, ಧಗಳ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಆದ್ದರಿಂದ ಗಾತ್ರವನ್ನು ಮುಟ್ಟದೆ ಸಾಲುಗಳ ಅಂತರವನ್ನೂ ಚೌಕಟ್ಟಿನ ಎತ್ತರವನ್ನೂ ಹೆಚ್ಚಿಸಿ, ‘ಲಕ್ಷ್ಮೀ ಸ್ತ್ರೀ ರಾಷ್ಟ್ರ ಕೃಷ್ಣ’ ಎಂಬ ಅರ್ಥವಿಲ್ಲದ ಸಾಲನ್ನು ಪ್ರತಿ ಪರದೆಯಲ್ಲೂ ತುಂಬಿ ನೋಡುವುದನ್ನು ಪರೀಕ್ಷೆಯ ಭಾಗವಾಗಿಸಿದೆವು.

ಪಾತ್ರಗಳ ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮ ಮತ್ತೊಂದು ತೊಡಕು. ಸಂಕೇತಗಳನ್ನು ಎಣಿಸುತ್ತ ಹೋದರೆ ‘ಸೂರ್ಯ’ ಮೂಡುವಾಗ ಮೊದಲು ‘ಸೂರ’, ಆಮೇಲೆ ‘ಸೂರ್’ ಎಂದು ಕಂಡು, ಯಕಾರ ಬಂದೊಡನೆ ರಕಾರ ಮಾಯವಾಗಿ ಅದರ ಆಚೆ ಅರ್ಕಾವೊತ್ತಾಗಿ ಜಿಗಿಯುತ್ತದೆ. ಹಾರ್ಫ್‌ಬಜ್ ಪ್ರತಿ ಆಕೃತಿಗೂ, ಅದು ಪಠ್ಯದ ಯಾವ ಅಕ್ಷರಗುಂಪಿನಿಂದ ಬಂತೆಂದು ಹೇಳುವ ಕ್ಲಸ್ಟರ್ ಸಂಖ್ಯೆಯನ್ನು ಕೊಡುತ್ತದೆ. ಇಡೀ ಸಾಲನ್ನು ಮೊದಲೇ ಜೋಡಿಸಿಟ್ಟು, ಒಂದೇ ಸಂಖ್ಯೆಯ ಆಕೃತಿಗಳನ್ನು ಒಟ್ಟಿಗೆ ತೋರಿಸಿದಾಗ ‘ಸೂ’, ‘ರ್ಯ’ ಎಂದು ಎರಡೇ ಹೆಜ್ಜೆಗಳಲ್ಲಿ ಪದ ಮೂಡಿತು.

ಹಿಂದಿಯಲ್ಲಿ ಹ್ರಸ್ವ ಇಕಾರ ವ್ಯಂಜನದ ಎಡಕ್ಕೆ ಹೋಗಬೇಕು, ತಮಿಳಿನ ಒಕಾರ ಎರಡೂ ಬದಿಗೆ ಒಡೆಯಬೇಕು; ಇವೆರಡೂ ಅದೇ ವ್ಯವಸ್ಥೆಯಲ್ಲಿ ಲಿಪಿ, ಭಾಷೆ ಮತ್ತು ಫಾಂಟನ್ನು ಬದಲಿಸಿದ ಮಾತ್ರಕ್ಕೆ ಸರಿಹೋದವು. ಕನ್ನಡ ವಾಕ್ಯದ ನಡುವೆ ರೋಮನ್ ಲಿಪಿಯ ಆಟಗಾರರ ಹೆಸರು ಬರುವ ಕಡೆ ಮಾತ್ರ ಹೆಚ್ಚುವರಿ ಕೆಲಸವಿತ್ತು. ಹಾರ್ಫ್‌ಬಜ್ ತಾನಾಗಿ ಲಿಪಿಗಳನ್ನು ಬೇರ್ಪಡಿಸುವುದಿಲ್ಲವಾದ್ದರಿಂದ, ಅದಕ್ಕೆ ಒಪ್ಪಿಸುವ ಮೊದಲೇ ವಾಕ್ಯವನ್ನು ಲಿಪಿಯಂತೆ ತುಂಡು ಮಾಡಿ, ಖಾಲಿ ಜಾಗ ಮತ್ತು ಅಂಕಿಗಳನ್ನು ಹಿಂದಿನ ತುಂಡಿಗೇ ಸೇರಿಸುವ ನಿಯಮವನ್ನು ನಾವೇ ಬರೆದುಕೊಂಡೆವು.